ಫಿಟ್‌ನೆಸ್ ಟೆಸ್ಟ್‌ಗೆ ಮುಂಚೆ ಪೇರೆಂಟ್ಸ್‌ಗೆ ಕಳಿಸೋ ಲೆಟರ್ ಹೇಗಿರಬೇಕು?

ಪ್ರಶ್ನೆ: ಸರ್, ನಾನು ದಾವಣಗೆರೆ ಹತ್ರ ಒಂದು ಸಿಬಿಎಸ್‌ಇ ಸ್ಕೂಲಲ್ಲಿ ಪಿಇ ಮಿಸ್. ಜುಲೈನಲ್ಲಿ ಖೇಲೋ ಇಂಡಿಯಾ ಫಿಟ್‌ನೆಸ್ ಟೆಸ್ಟ್ ಇದೆ. ಹೋದ ವರ್ಷ ಟೆಸ್ಟ್ ಆದ್ಮೇಲೆ ಮೂರ್ನಾಲ್ಕು ಜನ ಪೇರೆಂಟ್ಸ್ ಬಂದು ಜಗಳ ಆಡಿದ್ರು, "ನನ್ ಮಗಳನ್ನ ದಪ್ಪ ಅನ್ನೋಕೆ ನೀವ್ಯಾರು", "ಇದಕ್ಕೂ ಮಾರ್ಕ್ಸಾ" ಅಂತೆಲ್ಲ. ಈ ಸಲ ಮೊದಲೇ ಒಂದು ಲೆಟರ್ ಕಳಿಸಿಬಿಡಿ ಅಂತ ಪ್ರಿನ್ಸಿಪಾಲ್ ಹೇಳಿದಾರೆ. ಟೆಸ್ಟ್ ಯಾಕೆ ಮಾಡ್ತೀವಿ, ರಿಸಲ್ಟ್ ಇಟ್ಕೊಂಡು ಏನ್ ಮಾಡ್ತೀವಿ ಅಂತ ಅವರಿಗೆ ತಿಳಿಯೋ ಹಾಗೆ ಹೇಗೆ ಬರೀಲಿ?

ಉತ್ತರ: ಮೇಡಂ, ಮೊದಲು ಬರೀಬಾರದ್ದು ಹೇಳಿಬಿಡ್ತೀನಿ. "ಆರೋಗ್ಯವೇ ಭಾಗ್ಯ"ದಿಂದ ಶುರುವಾಗಿ ಮೊಬೈಲ್ ಬಂದ್ಮೇಲೆ ಮಕ್ಕಳು ಕೆಟ್ಟೋದ್ರು ಅಂತ ಮುಗಿಯೋ ಪ್ಯಾರಾ ಇರತ್ತಲ್ಲ, ಅದು ಬೇಡ. ಎರಡನೇ ಸಾಲಿಗೇ ಪೇರೆಂಟ್ಸ್ ಓದೋದು ನಿಲ್ಲಿಸ್ತಾರೆ. ಹೋದ ವರ್ಷ ಬಂದವರು ಫಿಟ್‌ನೆಸ್ ಬೇಡ ಅಂತ ಜಗಳಕ್ಕೆ ಬಂದಿದ್ದಲ್ಲ, ನೀವೇ ಬರೆದಿದೀರಲ್ಲ, ಒಬ್ಬರಿಗೆ ಮಗಳ ತೂಕ ನಾಲ್ಕು ಜನರ ಮುಂದೆ ಹೋಯ್ತು ಅನ್ನೋ ಸಿಟ್ಟು, ಇನ್ನೊಬ್ಬರಿಗೆ ಮಾರ್ಕ್ಸ್ ಚಿಂತೆ. ಹಾಗಾಗಿ ರಿಸಲ್ಟ್‌ನಿಂದ ಸ್ಕೂಲು ಏನೇನು ಮಾಡಲ್ಲ ಅನ್ನೋದು ಲೆಟರ್‌ನ ಮೇಲಿನ ಅರ್ಧದಲ್ಲೇ ಬರಬೇಕು, ಉಳಿದಿದ್ದೆಲ್ಲ ಆಮೇಲೆ.

ಈಗ ಯಾಕೆ ಟೆಸ್ಟು ಅನ್ನೋದು. "ಬೋರ್ಡ್ ಹೇಳಿದೆ, ಅದಕ್ಕೆ" ಅಂತ ಬರೆದ್ರೆ ಸುಳ್ಳೇನಲ್ಲ, ಆದ್ರೆ ಅದು ಯಾರಿಗೂ ಸಮಾಧಾನ ಕೊಡಲ್ಲ. ನಿಜವಾದ ಕಾರಣ ನಿಮಗೂ ಗೊತ್ತಿರೋದೇ. ನಲವತ್ತು ಮಕ್ಕಳ ಕ್ಲಾಸನ್ನ ಗ್ರೌಂಡಿಗೆ ಬಿಟ್ರೆ ನಮ್ಮ ಕಣ್ಣಿಗೆ ಬೀಳೋದು ಚೆನ್ನಾಗಿ ಆಡೋ ಐದು ಜನ, ಮೂಲೇಲಿ ಕೂತ್ಕೊಳೋ ಐದು ಜನ. ಮಧ್ಯದ ಮೂವತ್ತು ಮಕ್ಕಳಿಗೆ ಏನು ಬರತ್ತೆ ಏನು ಬರಲ್ಲ ಅಂತ ಎಷ್ಟು ವರ್ಷದ ಸರ್ವಿಸ್ ಆಗಿದ್ರೂ ನೋಡಿ ಹೇಳೋಕಾಗಲ್ಲ. ಕಬಡ್ಡೀಲಿ ಎಲ್ಲರನ್ನೂ ಎತ್ತಿ ಬಿಸಾಕೋ ಹುಡುಗನಿಗೆ 600 ಮೀಟರ್ ಓಡೋ ದಮ್ಮಿರಲ್ಲ, ಯಾವ ಟೀಮಲ್ಲೂ ಇಲ್ಲದ, ಸುಮ್ನಿರೋ ಒಂದು ಹುಡುಗಿ ಅದೇ 600 ಮೀಟರನ್ನ ಒಂದೇ ಹದದಲ್ಲಿ ಓಡಿ ಮುಗಿಸ್ತಾಳೆ, ಟೆಸ್ಟ್ ಮಾಡೋ ತನಕ ಎರಡೂ ಗೊತ್ತಾಗಲ್ಲ. ಅದರ ಜೊತೆ ಟೈಮ್ ಲೆಕ್ಕ ಹಾಕಿ. ವಾರಕ್ಕೆ ನಲವತ್ತು ನಿಮಿಷದ ಎರಡು ಪೀರಿಯಡ್ ಅಂದ್ರೆ 80 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೆವರು ಬರೋ ಥರದ ಚಟುವಟಿಕೆ ಬೇಕು ಅನ್ನತ್ತೆ, ವಾರಕ್ಕೆ 420 ನಿಮಿಷ ಆಯ್ತು. ನಮ್ಮ ಕೈಲಿರೋದು ಅದರಲ್ಲಿ ಐದನೇ ಒಂದು ಭಾಗವೂ ಇಲ್ಲ, ಅಷ್ಟನ್ನ ಯಾವುದಕ್ಕೆ ಖರ್ಚು ಮಾಡಬೇಕು ಅಂತ ತಿಳ್ಕೊಳಕ್ಕೇ ಟೆಸ್ಟ್. ಈ ಲೆಕ್ಕವನ್ನ ಹಾಗೇ ಲೆಟರ್‌ನಲ್ಲಿ ಹಾಕಿ, ಉಳಿದ 340 ನಿಮಿಷ ಮನೇಲಿ, ಓಣೀಲಿ ಆಗಬೇಕಾದ್ದು ಅಂತ ಪೇರೆಂಟ್ಸಿಗೆ ಅವರಾಗೇ ಹೊಳೆಯತ್ತೆ, ನಾವು ಉಪದೇಶ ಮಾಡೋದು ತಪ್ಪತ್ತೆ.

ಶುರು ಹೀಗಿರಲಿ:

"ಪ್ರಿಯ ಪೋಷಕರೇ, ಜುಲೈ ಎರಡನೇ ವಾರದಲ್ಲಿ ನಿಮ್ಮ ಮಗುವಿನ ಕ್ಲಾಸಿಗೆ ಫಿಟ್‌ನೆಸ್ ಟೆಸ್ಟ್ ಇದೆ. ಇದು ಪರೀಕ್ಷೆ ಅಲ್ಲ, ಪಾಸು ಫೇಲು ಇಲ್ಲ, ರ‍್ಯಾಂಕ್ ಇಲ್ಲ. ಯಾವ ಮಗುವಿನ ತೂಕವನ್ನಾಗಲಿ, ರಿಸಲ್ಟನ್ನಾಗಲಿ ಕ್ಲಾಸಿನಲ್ಲಿ ಓದುವುದಿಲ್ಲ, ನೋಟಿಸ್ ಬೋರ್ಡಿಗೆ ಹಾಕುವುದಿಲ್ಲ, ವಾಟ್ಸಾಪ್ ಗ್ರೂಪಿಗೆ ಕಳಿಸುವುದಿಲ್ಲ. ಸ್ಕೂಲ್ ಟೀಮಿನ ಸೆಲೆಕ್ಷನ್‌ಗೆ ಇದನ್ನು ಬಳಸುವುದಿಲ್ಲ. ಪಿಇ ಪೀರಿಯಡ್‌ನಲ್ಲಿ ಯಾರಿಗೆ ಏನು ಹೇಳಿಕೊಡಬೇಕು ಎಂದು ನಾವು ತಿಳಿದುಕೊಳ್ಳುವುದಕ್ಕೆ ಮತ್ತು ಆರು ತಿಂಗಳ ನಂತರ ಅದೇ ಮಗು ಎಷ್ಟು ಮುಂದೆ ಬಂದಿದೆ ಎಂದು ನಿಮಗೆ ತೋರಿಸುವುದಕ್ಕೆ ಈ ಟೆಸ್ಟ್."

ಇದನ್ನ ಬರೆದ ಮೇಲೆ ನೀವೂ ಅದಕ್ಕೆ ಕಟ್ಟುಬೀಳಬೇಕು ನೋಡಿ, ಅದೇ ಕಷ್ಟದ ಭಾಗ. ತೂಕ ನೋಡೋವಾಗ ಮಕ್ಕಳನ್ನ ಲೈನಲ್ಲಿ ನಿಲ್ಲಿಸಿ, ಒಬ್ಬ ಹುಡುಗನ ಕೈಗೆ ರಿಜಿಸ್ಟರ್ ಕೊಟ್ಟು ನೀವು ಗಟ್ಟಿಯಾಗಿ "ಐವತ್ತೆರಡು ಕೆಜಿ" ಅಂದ್ರೆ ಲೆಟರ್ ಅವತ್ತೇ ಸತ್ತ ಹಾಗೆ. ತೂಕದ ಮಿಷನ್ ಬೇರೆ ರೂಮಲ್ಲಿರಲಿ, ಬಾಗಿಲು ಹಾಕಿರಲಿ, ಒಂದು ಸಲಕ್ಕೆ ಒಂದೇ ಮಗು ಒಳಗೆ ಬರಲಿ, ಹುಡುಗಿಯರ ತೂಕ ಲೇಡಿ ಟೀಚರ್ರೇ ನೋಡಲಿ, ನೋಡಿದವರೇ ಬಾಯಿಬಿಡದೆ ಬರ್ಕೊಳ್ಲಿ.

ಮಾರ್ಕ್ಸ್ ವಿಷಯದಲ್ಲಿ ಒಂದು ಎಚ್ಚರಿಕೆ, ಎಲ್ಲಾ ಕ್ಲಾಸಿಗೂ ಒಂದೇ ಲೆಟರ್ ಕಳಿಸಬೇಡಿ. 9ರಿಂದ 12ರ ತನಕ ಎಲ್ಲರಿಗೂ ಕಡ್ಡಾಯ ಇರೋ ಹೆಲ್ತ್ ಅಂಡ್ ಫಿಸಿಕಲ್ ಎಜುಕೇಶನ್‌ನಲ್ಲಿ ಮುಖ್ಯ ಆಗಿ ನೋಡೋದು ಮಗು ಭಾಗವಹಿಸ್ತಾ ಇದ್ಯೋ ಇಲ್ವೋ ಅನ್ನೋದನ್ನ. ಆದ್ರೆ 11, 12ರಲ್ಲಿ ಫಿಸಿಕಲ್ ಎಜುಕೇಶನ್ನನ್ನೇ ಒಂದು ಸಬ್ಜೆಕ್ಟ್ ಅಂತ ತಗೊಂಡವರಿಗೆ, ಕೋಡ್ 048 ಇರತ್ತಲ್ಲ ಅದು, 30 ಮಾರ್ಕ್ಸಿನ ಪ್ರಾಕ್ಟಿಕಲ್‌ನಲ್ಲಿ 6 ಮಾರ್ಕ್ಸ್ ಈ ಫಿಟ್‌ನೆಸ್ ಟೆಸ್ಟಿಗೇ ಇದೆ. ಅವರ ಮನೆಗೆ "ಇದಕ್ಕೆ ಮಾರ್ಕ್ಸ್ ಇಲ್ಲ" ಅನ್ನೋ ಲೆಟರ್ ಹೋಗಿ ಆಮೇಲೆ ಪ್ರಾಕ್ಟಿಕಲ್‌ನಲ್ಲಿ ಮಾರ್ಕ್ಸ್ ಕಟ್ ಆದ್ರೆ ಆ ಜಗಳದಲ್ಲಿ ನ್ಯಾಯ ಪೇರೆಂಟ್ಸ್ ಕಡೇನೇ ಇರತ್ತೆ. ಅವರಿಗೆ ಬೇರೆ ಲೆಟರ್ ಮಾಡಿ, 6 ಮಾರ್ಕ್ಸ್ ಅಂತ ನೇರವಾಗಿ ಹೇಳಿ.

ಏನೇನು ಟೆಸ್ಟ್ ಅನ್ನೋದನ್ನ ನಾಲ್ಕು ಸಾಲಲ್ಲಿ ಮುಗಿಸಿ. 1ರಿಂದ 3ನೇ ಕ್ಲಾಸಿನ ಪುಟಾಣಿಗಳಿಗೆ ಎತ್ತರ ತೂಕದ ಜೊತೆ ಎರಡೇ ಇರೋದು, ಮೇಜಿನ ಮೇಲಿನ ಎರಡು ತಟ್ಟೆನ ಒಂದೇ ಕೈಯಲ್ಲಿ ಬೇಗ ಬೇಗ ಮುಟ್ಟೋ ಪ್ಲೇಟ್ ಟ್ಯಾಪಿಂಗ್, ಸಣ್ಣ ಮರದ ಪಟ್ಟಿ ಮೇಲೆ ಒಂಟಿಕಾಲಲ್ಲಿ ನಿಲ್ಲೋ ಫ್ಲೆಮಿಂಗೋ. 4ನೇ ಕ್ಲಾಸಿಂದ ಮೇಲೆ ಎತ್ತರ ತೂಕ, 50 ಮೀಟರ್ ಓಟ, 600 ಮೀಟರ್, ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗೋ ಸಿಟ್ ಅಂಡ್ ರೀಚ್, 30 ಸೆಕೆಂಡ್ ಕರ್ಲ್ ಅಪ್, ಪುಷ್ ಅಪ್ (ಹುಡುಗಿಯರಿಗೆ ಮಂಡಿ ಊರಿ). 600 ಮೀಟರ್ ಬಗ್ಗೆ ಮಾತ್ರ ಒಂದು ಸಾಲು ಜಾಸ್ತಿ ಬರೀರಿ, ಅದು ರನ್ ಬಾರ್ ವಾಕ್, ಸುಸ್ತಾದ್ರೆ ನಡೀಬಹುದು ಅಂತ. ಇದು ಎಷ್ಟೋ ಮನೇಲಿ ಗೊತ್ತೇ ಇಲ್ಲ, "ನಮ್ ಹುಡುಗನ್ನ ಬಿಸಿಲಲ್ಲಿ ಓಡಿಸಿ ಓಡಿಸಿ ಕೆಡವ್ತಾರೆ" ಅನ್ನೋ ಭಯ ಅರ್ಧ ಇಲ್ಲೇ ಹೋಗತ್ತೆ.

ಈಗ ಬಿಎಂಐ. ಜಗಳ ಹುಟ್ಟೋದೇ ಇಲ್ಲಿ, ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಲೆಕ್ಕ ಸುಲಭ, ಕೆಜಿಯಲ್ಲಿರೋ ತೂಕವನ್ನ ಮೀಟರಲ್ಲಿರೋ ಎತ್ತರದಿಂದ ಎರಡು ಸಲ ಭಾಗಿಸೋದು. ತೊಂದರೆ ಏನಂದ್ರೆ ರಿಪೋರ್ಟಲ್ಲಿ ನಂಬರ್ ನೋಡಿದ ತಕ್ಷಣ ಪೇರೆಂಟ್ಸ್ ಗೂಗಲ್ ಮಾಡ್ತಾರೆ, ಅಲ್ಲಿ ಬರೋದು ದೊಡ್ಡವರ ಚಾರ್ಟು, 18.5ಕ್ಕಿಂತ ಕಮ್ಮಿ ಇದ್ರೆ ತೂಕ ಕಮ್ಮಿ, 25 ದಾಟಿದ್ರೆ ಜಾಸ್ತಿ ಅನ್ನೋದು. ಮಕ್ಕಳಿಗೆ ಅದು ನಡೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2007ರ ಚಾರ್ಟ್ ಪ್ರಕಾರ 12 ತುಂಬಿದ ಹುಡುಗಿಗೆ ನಡುಮಧ್ಯದ ಬಿಎಂಐಯೇ 18.0. ಅಂದ್ರೆ ದೊಡ್ಡವರ ಚಾರ್ಟ್ ಹಿಡಿದು ನೋಡಿದ್ರೆ ಆ ವಯಸ್ಸಿನ ಅರ್ಧಕ್ಕಿಂತ ಜಾಸ್ತಿ ಹುಡುಗಿಯರು "ಅಂಡರ್‌ವೇಟ್" ಆಗ್ಬಿಡ್ತಾರೆ, ಚೆನ್ನಾಗಿರೋ ಮಗುಗೆ ಮನೇಲಿ ತುಪ್ಪ ಸುರಿಯೋಕೆ ಶುರು ಮಾಡ್ತಾರೆ. ಆ ಕಡೇನೂ ಅಷ್ಟೇ, 12ರ ಹುಡುಗಿಗೆ ತೂಕ ಜಾಸ್ತಿ ಅನ್ನೋ ಗೆರೆ 20.8ಕ್ಕೇ ಬರತ್ತೆ, 25ರ ತನಕ ಕಾಯೋದಲ್ಲ. ನಮ್ಮ ದೇಶದ ಮಕ್ಕಳ ಡಾಕ್ಟರ್‌ಗಳ ಅಕಾಡೆಮಿ 2015ರಲ್ಲಿ ತಂದ ಚಾರ್ಟುಗಳೂ ಇದೆ, ಬಹಳ ಡಾಕ್ಟರ್‌ಗಳು ಅದನ್ನೇ ನೋಡೋದು, ಅಲ್ಲೂ ಹುಡುಗರಿಗೆ ಹುಡುಗಿಯರಿಗೆ ಬೇರೆ ಬೇರೆ, ವಯಸ್ಸಿಗೆ ತಕ್ಕ ಗೆರೆ. ಯಾವುದನ್ನ ಬಳಸ್ತೀರೋ ಲೆಟರ್‌ನಲ್ಲಿ ಹೆಸರು ಹೇಳಿಬಿಡಿ, ಮಗುವಿನ ವಯಸ್ಸನ್ನ ವರ್ಷ ಮತ್ತು ತಿಂಗಳಲ್ಲಿ ಲೆಕ್ಕ ಹಾಕಿ.

ಮತ್ತೆ ದಪ್ಪ ಅನ್ನೋ ಮಾತು ಪಿಇ ಟೀಚರ್ ಬಾಯಿಂದ ಬರಲೇಬಾರದು, ಬಿಎಂಐ ನೋಡಿ ಹಾಗೆ ಹೇಳೋಕೂ ಆಗಲ್ಲ. ಅದು ಎತ್ತರಕ್ಕೂ ತೂಕಕ್ಕೂ ಇರೋ ಹೊಂದಾಣಿಕೆ ಅಷ್ಟೇ, ಆ ತೂಕದಲ್ಲಿ ಕೊಬ್ಬೆಷ್ಟು ಸ್ನಾಯು ಎಷ್ಟು ಅಂತ ಅದಕ್ಕೆ ಗೊತ್ತಾಗಲ್ಲ, ದಿನಾ ಸಂಜೆ ಕುಸ್ತಿ ಮಾಡೋ ಹುಡುಗನ ಬಿಎಂಐ ಮೇಲೇ ಇರತ್ತೆ. ಅಳತೆ ತಪ್ಪಿದ್ರಂತೂ ಕೇಳೋದೇ ಬೇಡ. 146 ಸೆಂಟಿಮೀಟರ್ ಎತ್ತರ, 41 ಕೆಜಿ ಇರೋ ಹುಡುಗಿಗೆ ಬಿಎಂಐ 19.2 ಬರತ್ತೆ, ಶೂ ಹಾಕ್ಕೊಂಡೇ ನಿಲ್ಲಿಸಿ ಎತ್ತರ 148.5 ಅಂತ ಬರ್ಕೊಂಡ್ರೆ 18.6. ಮಗು ಒಂದೇ, ರೂಮ್ ಒಂದೇ, ರಿಪೋರ್ಟ್ ಬೇರೆ. ಶೂ ಬಿಚ್ಚಿಸಿ, ಜೇಬು ಖಾಲಿ ಮಾಡಿಸಿ, ಹಿಮ್ಮಡಿ ಗೋಡೆಗೆ ತಾಗಿರಲಿ, ಹುಡುಗಿಯರ ಜುಟ್ಟು ಸ್ಕೇಲಿಗೆ ಅಡ್ಡ ಬರ್ದಿರಲಿ.

ಬಿಎಂಐ ಬಗ್ಗೆ ಲೆಟರ್‌ಗೆ ಇಷ್ಟು ಸಾಕು:

"ಬಿಎಂಐಯನ್ನು ಮಗುವಿನ ವಯಸ್ಸಿಗೆ ತಕ್ಕ ಚಾರ್ಟಿನಲ್ಲಿ ನೋಡುತ್ತೇವೆ, ದಯವಿಟ್ಟು ದೊಡ್ಡವರ ಚಾರ್ಟಿಗೆ ಹೋಲಿಸಬೇಡಿ. ಇದು ಆರೋಗ್ಯದ ಬಗ್ಗೆ ಕೊನೆಯ ಮಾತಲ್ಲ. ನಂಬರ್ ಗೆರೆಯಿಂದ ದೂರ ಇದ್ದರೆ ನಿಮ್ಮನ್ನು ಮಾತ್ರ ಕರೆದು ತಿಳಿಸುತ್ತೇವೆ, ಮಕ್ಕಳ ಡಾಕ್ಟರಿಗೆ ತೋರಿಸಿ ಎನ್ನುತ್ತೇವೆ. ಡಯಟ್ ಹೇಳುವುದು ನಮ್ಮ ಕೆಲಸವಲ್ಲ."

ಕೊನೇ ಸಾಲು ಬೇಕೇ ಬೇಕು. ಪಿಇ ಟೀಚರ್ ಅನ್ನ ಬಿಡು ಅಂದ್ರಂತೆ ಅಂತ ಒಂದು ಹುಡುಗಿ ರಾತ್ರಿ ಊಟ ಬಿಟ್ರೆ ಅದಕ್ಕೆ ಜವಾಬ್ದಾರಿ ಯಾರು?

ರಿಸಲ್ಟ್ ಬಳಸೋದು ಹೇಗೆ ಅನ್ನೋದನ್ನ ಒಂದು ಉದಾಹರಣೆ ಕೊಟ್ಟು ತೋರಿಸಿದ್ರೆ ಎಲ್ಲರಿಗೂ ಅರ್ಥ ಆಗತ್ತೆ. ನಾನೊಂದು ಕಲ್ಪನೆಯ ಹುಡುಗಿ ತಗೋತೀನಿ, 7ನೇ ಕ್ಲಾಸು, ಜುಲೈಗೆ 12 ತುಂಬಿದೆ, ಮೇಲೆ ಹೇಳಿದ 146 ಸೆಂಟಿಮೀಟರು 41 ಕೆಜಿಯವಳೇ ಅನ್ಕೊಳಿ. ಜುಲೈನಲ್ಲಿ 50 ಮೀಟರ್ 10.2 ಸೆಕೆಂಡ್, 600 ಮೀಟರ್ 3 ನಿಮಿಷ 25 ಸೆಕೆಂಡ್, ಸಿಟ್ ಅಂಡ್ ರೀಚ್ 24 ಸೆಂಟಿಮೀಟರ್, ಕರ್ಲ್ ಅಪ್ 14. ಜನವರೀಲಿ ಅದೇ ಹುಡುಗಿ 150 ಸೆಂಟಿಮೀಟರ್, 44 ಕೆಜಿ, 50 ಮೀಟರ್ 10.1, 600 ಮೀಟರ್ 3 ನಿಮಿಷ 12 ಸೆಕೆಂಡ್, ಸಿಟ್ ಅಂಡ್ ರೀಚ್ 22, ಕರ್ಲ್ ಅಪ್ 19.

ಅಮ್ಮನ ಕಣ್ಣು ಮೊದಲು ಹೋಗೋದು ತೂಕದ ಮೇಲೆ, ಆರು ತಿಂಗಳಿಗೆ ಮೂರು ಕೆಜಿ! ಆದ್ರೆ ನಾಲ್ಕು ಸೆಂಟಿಮೀಟರ್ ಎತ್ತರಾನೂ ಬೆಳೆದಿದಾಳೆ, ಬಿಎಂಐ 19.2 ಇದ್ದಿದ್ದು 19.6 ಆಗಿದೆ, ಹನ್ನೆರಡೂವರೆ ವಯಸ್ಸಿಗೆ ಗೆರೆಯ ಒಳಗೇ ಆರಾಮಾಗಿದೆ, ಬೆಳೆಯೋ ವಯಸ್ಸಲ್ಲಿ ಬೆಳೀತಿದಾಳೆ ಅಷ್ಟೇ. ಆಮೇಲೆ ಸಿಟ್ ಅಂಡ್ ರೀಚ್ ಎರಡು ಸೆಂಟಿಮೀಟರ್ ಇಳಿದಿದೆ, ಮೈ ಬಿಗಿಯಾಯ್ತು ಅಂತ ಅನ್ಸತ್ತೆ. ಹೆಣ್ಮಕ್ಕಳಿಗೆ 12ರ ಸುತ್ತ, ಹುಡುಗರಿಗೆ 14ರ ಸುತ್ತ ಎತ್ತರ ಒಂದೇ ಸಲ ಜಿಗಿಯತ್ತೆ, ಆವಾಗ ಮೊದಲು ಉದ್ದ ಆಗೋದು ಕಾಲು, ಸೊಂಟದ ಮೇಲಿನ ಭಾಗ ಆಮೇಲೆ. ಕಾಲು ಉದ್ದ ಆಗಿ ಮೈ ಇನ್ನೂ ಅಷ್ಟು ಬೆಳೀದೇ ಇದ್ರೆ ಬೆರಳು ಮೊದಲಿನಷ್ಟು ದೂರ ಹೋಗಲ್ಲ, ಅದನ್ನ ತಪ್ಪು ಅಂತ ಬರೆಯೋ ಹಾಗಿಲ್ಲ, "ಎತ್ತರ ಬೆಳೀತಿದೆ, ತೊಡೆಯ ಹಿಂಭಾಗದ ಸ್ಟ್ರೆಚಿಂಗ್ ಮುಂದುವರೀಲಿ" ಅಂತ ಬರೆದ್ರಾಯ್ತು. 50 ಮೀಟರ್ 10.2ರಿಂದ 10.1, ಇದರಲ್ಲಿ ಸುಧಾರಣೆ ಅಂತ ಹೇಳೋಕೆ ಏನೂ ಇಲ್ಲ. ಕೈಯಲ್ಲಿ ಸ್ಟಾಪ್‌ವಾಚ್ ಒತ್ತೋವಾಗ ಸೆಕೆಂಡಿನ ಹತ್ತರಲ್ಲಿ ಎರಡು ಮೂರು ಭಾಗ ಹೆಚ್ಚುಕಮ್ಮಿ ಆಗೇ ಆಗತ್ತೆ, ಅಷ್ಟರೊಳಗಿನ ವ್ಯತ್ಯಾಸ ನಮ್ಮ ಹೆಬ್ಬೆರಳಿನದ್ದು, ಮಗುವಿನದ್ದಲ್ಲ. ನಿಜವಾಗಿ ಬದಲಾಗಿರೋದು 600 ಮೀಟರಲ್ಲಿ 13 ಸೆಕೆಂಡ್, ಕರ್ಲ್ ಅಪ್‌ನಲ್ಲಿ ಐದು. ಹೊಟ್ಟೆಯ ಸ್ನಾಯುಗೆ ಬಲ ಬಂದಿದೆ, ದಮ್ಮು ಸುಧಾರಿಸಿದೆ. ಪಕ್ಕದ ಹುಡುಗಿ 2 ನಿಮಿಷ 40 ಸೆಕೆಂಡಲ್ಲಿ ಓಡಿದ್ಲು ಅನ್ನೋದು ಇವಳ ರಿಪೋರ್ಟಲ್ಲಿ ಎಲ್ಲೂ ಬರಲ್ಲ, ಬರಬಾರದು, ಯಾಕಂದ್ರೆ ಆ ಹುಡುಗಿ ಇವಳಿಗಿಂತ ಒಂದು ವರ್ಷ ಮೊದಲೇ ಬೆಳೆದುಬಿಟ್ಟಿರಬಹುದು. 7ನೇ ಕ್ಲಾಸಿನ ಒಂದು ಬೆಂಚಲ್ಲಿ ಮೂಳೆ ವಯಸ್ಸು ಹತ್ತರದ್ದೂ ಇರತ್ತೆ ಹದಿನಾಲ್ಕರದ್ದೂ ಇರತ್ತೆ.

ಈ ಉದಾಹರಣೆನ ಹೆಸರು ಹಾಕದೆ ಲೆಟರ್‌ನ ಹಿಂದಿನ ಪುಟದಲ್ಲಿ ಪ್ರಿಂಟ್ ಮಾಡಿ. ಮಗು ತಂದುಕೊಡೋ ರಿಪೋರ್ಟನ್ನ ಹೇಗೆ ಓದಬೇಕು ಅಂತ ಮೊದಲೇ ಗೊತ್ತಿದ್ರೆ ಆಮೇಲೆ ಫೋನ್ ಕಮ್ಮಿ ಬರತ್ತೆ.

ಇದು ಒಂದು ಮಗು ಮಟ್ಟದ ಬಳಕೆ. ಕ್ಲಾಸ್ ಮಟ್ಟದ್ದು ನನ್ನ ಪ್ರಕಾರ ಇನ್ನೂ ಮುಖ್ಯ, ಆದ್ರೆ ಇದನ್ನ ಯಾರೂ ಪೇರೆಂಟ್ಸಿಗೆ ಹೇಳಲ್ಲ. ಉದಾಹರಣೆಗೆ 600 ಮೀಟರ್ ಓಡಿಸೋವಾಗ ಬರೀ ಕೊನೇ ಟೈಮ್ ಬರ್ಕೋಬೇಡಿ, ಪ್ರತಿ ರೌಂಡಿನ ಟೈಮೂ ಬರ್ಕೊಳಿ. ನಿಮ್ಮ ಗ್ರೌಂಡು 150 ಮೀಟರ್ ಸುತ್ತಳತೆ ಇದ್ರೆ ನಾಲ್ಕು ರೌಂಡು. ಮೊದಲ ರೌಂಡ್ 35 ಸೆಕೆಂಡ್, ಎರಡನೇದು 50, ಮೂರನೇದು 65 ಅಂತ ಬಹಳ ಮಕ್ಕಳದ್ದು ಬಂದ್ರೆ ಅದು ದಮ್ಮಿಲ್ಲ ಅಂತಲ್ಲ, ವಿಸಿಲ್ ಊದಿದ ತಕ್ಷಣ ಜೀವ ಬಿಟ್ಟು ಓಡಿ ಸುಸ್ತಾಗಿದಾರೆ ಅಂತ. ಅಂಥ ಕ್ಲಾಸಿಗೆ ಬೇಕಾದ್ದು ಜಾಸ್ತಿ ರೌಂಡ್ ಹೊಡೆಸೋದಲ್ಲ, ಪಕ್ಕದವರ ಜೊತೆ ಮಾತಾಡ್ತಾ ಓಡೋಕಾಗೋ ಅಷ್ಟು ನಿಧಾನಕ್ಕೆ ಶುರು ಮಾಡೋದನ್ನ ಕಲಿಸೋದು, ಎರಡು ಮೂರು ವಾರ ಪೀರಿಯಡ್ ಶುರುವಲ್ಲಿ ಹತ್ತು ನಿಮಿಷ ಇದನ್ನೇ ಮಾಡ್ಸಿ. ನಾಲ್ಕೂ ರೌಂಡ್ ಮೊದಲಿಂದ್ಲೇ ಒಂದೇ ಥರ ನಿಧಾನ ಇದ್ರೆ, ಆಗ ದಮ್ಮಿನ ಕೆಲಸ ಬೇರೆ. ಕರ್ಲ್ ಅಪ್ ಇಡೀ ಕ್ಲಾಸಿಗೆ ಕಮ್ಮಿ ಬಂದ್ರೆ ವಾರ್ಮ್ ಅಪ್‌ನಲ್ಲಿ ಹೊಟ್ಟೆ ಬೆನ್ನಿನ ವ್ಯಾಯಾಮ ಸೇರಿಸಿ. "7ನೇ ಕ್ಲಾಸಿನ ರಿಸಲ್ಟ್ ನೋಡಿ ಆಗಸ್ಟಿಂದ ಪೀರಿಯಡ್‌ನಲ್ಲಿ ಇಂಥದ್ದು ಬದಲಾಯಿಸಿದ್ದೇವೆ" ಅಂತ ಟೆಸ್ಟ್ ಆದ ಎರಡು ವಾರಕ್ಕೆ ಒಂದು ಸಣ್ಣ ಮೆಸೇಜ್ ಹಾಕಿ, ಮಕ್ಕಳ ಹೆಸರಿಲ್ಲದೆ. ಟೆಸ್ಟ್ ಮಾಡಿ ರಿಸಲ್ಟನ್ನ ಖೇಲೋ ಇಂಡಿಯಾ ಆಪ್‌ಗೆ ಹಾಕಿ ಕೈ ತೊಳ್ಕೊಳೋ ಸ್ಕೂಲುಗಳೇ ಜಾಸ್ತಿ, ಅದು ಪೇರೆಂಟ್ಸಿಗೂ ಗೊತ್ತು.

ಎರಡು ಸಲದ ಟೆಸ್ಟ್ ಹೋಲಿಸ್ಬೇಕು ಅಂದ್ರೆ ಎರಡೂ ಒಂದೇ ಥರ ನಡೀಬೇಕು. ಟ್ರ್ಯಾಕನ್ನ ಟೇಪ್ ಹಿಡಿದು ಅಳೆದು ಸುಣ್ಣ ಹಾಕಿ ಮೂಲೆಗಳಲ್ಲಿ ಕೋನ್ ಇಡಿ, ಕೋನ್ ಇಲ್ದಿದ್ರೆ ಮಕ್ಕಳು ಪ್ರತಿ ಮೂಲೇಲೂ ಒಳಗೆ ಕತ್ತರಿಸಿ ಓಡಿ 600ನ್ನ 560 ಮಾಡ್ತಾರೆ. ಒಂದು ಸಲ ಬೆಳಗ್ಗೆ ಎಂಟಕ್ಕೆ, ಇನ್ನೊಂದು ಸಲ ಮಧ್ಯಾಹ್ನ ಎರಡಕ್ಕೆ ಓಡಿಸಿದ್ರೆ ನೀವು ಅಳೆಯೋದು ದಾವಣಗೆರೆ ಬಿಸಿಲನ್ನ. ಎರಡನೇ ಟೆಸ್ಟ್ ಜನವರೀಲೇ ಮುಗ್ಸಿ, ಮಾರ್ಚ್ ತನಕ ಎಳೀಬೇಡಿ. ಸಿಟ್ ಅಂಡ್ ರೀಚ್ ಬಾಕ್ಸೂ ಎರಡು ಸಲಾನೂ ಅದೇ ಇರಲಿ, ಬೇರೆ ಬೇರೆ ಬಾಕ್ಸಲ್ಲಿ ಸೊನ್ನೆ ಬೇರೆ ಬೇರೆ ಕಡೆ ಇರತ್ತೆ.

ಆರೋಗ್ಯದ ಫಾರ್ಮ್ ಲೆಟರ್ ಜೊತೇಲೇ ಹೋಗಬೇಕು. ಆಸ್ತಮಾ, ಹೃದಯದ ತೊಂದರೆ, ಫಿಟ್ಸ್, ಇತ್ತೀಚೆಗೆ ಡೆಂಗ್ಯೂ ಅಥವಾ ಬೇರೆ ಜ್ವರ, ಆಪರೇಷನ್, ಮೂಳೆ ಮುರಿದಿದ್ದು, ಈಗ ತಗೋತಿರೋ ಮಾತ್ರೆ, ಇಷ್ಟು ಕೇಳಿ. ಜುಲೈ ಅಂದ್ರೆ ಡೆಂಗ್ಯೂ ಸೀಸನ್ನೇ, ಜ್ವರ ಬಿಟ್ಟು ವಾರ ಆಗಿಲ್ಲದ ಮಗುನ ಯೂನಿಫಾರಂ ಹಾಕಿ ಕಳಿಸಿರ್ತಾರೆ, ಕೇಳ್ದೆ ಇದ್ರೆ ಗೊತ್ತಾಗಲ್ಲ. ತಿಂಡಿ ತಿಂದು ಎರಡು ಗಂಟೆ ಆಗಿರಲಿ, ಖಾಲಿ ಹೊಟ್ಟೇಲಿ ಬರೋದು ಬೇಡ ಅಂತಾನೂ ಬರೀರಿ. ಹುಡುಗಿಯರಿಗೆ ಅವತ್ತು ಆಗಲ್ಲ ಅಂದ್ರೆ ಬೇರೆ ದಿನ ಮಾಡ್ಬಹುದು, ಕಾರಣ ಹೇಳ್ಬೇಕಿಲ್ಲ ಅನ್ನೋ ಒಂದು ಸಾಲು ಇರಲಿ, ಅದನ್ನ ಓದಿ ಸಮಾಧಾನ ಪಡೋ ತಾಯಂದಿರು ಬಹಳ ಇದಾರೆ. ವಿಶೇಷ ಅಗತ್ಯ ಇರೋ ಮಕ್ಕಳನ್ನ ಸುಮ್ನೆ ಕೂರಿಸಬೇಡಿ, ಅವರಿಗಾಗಿ ಬ್ರಾಕ್‌ಪೋರ್ಟ್ ಅನ್ನೋ ಬೇರೆ ಟೆಸ್ಟ್ ಇದೆ, ಸಿಬಿಎಸ್‌ಇ ಪ್ರಾಕ್ಟಿಕಲ್‌ನಲ್ಲೂ ಅದನ್ನ ಒಪ್ಕೋತಾರೆ.

ಟೆಸ್ಟ್ ರೋಗ ಕಂಡುಹಿಡಿಯಲ್ಲ, ಆದ್ರೆ ಕೆಲವು ಸಲ ಬಾಗಿಲು ತಟ್ಟತ್ತೆ. 9ನೇ ಕ್ಲಾಸಿನ ಹುಡುಗಿ ಒಬ್ಬಳು ಕೈಕಾಲು ಬಲ ಚೆನ್ನಾಗಿದ್ದೂ 600 ಮೀಟರಲ್ಲಿ ಅರ್ಧಕ್ಕೇ ನಿಂತು ಏದುಸಿರು ಬಿಡ್ತಾಳೆ, ಮುಖ ಬಿಳಚಿಕೊಂಡಿದೆ, ಹತ್ತು ನಿಮಿಷ ಆದ್ರೂ ಎದೆ ಬಡಿತ ಇಳಿಯಲ್ಲ ಅಂದ್ರೆ ಸೋಮಾರಿ ಅಂತ ಬರೆಯೋಕೆ ಮುಂಚೆ ಹಿಮೋಗ್ಲೋಬಿನ್ ನೋಡಿಸಿ ಅಂತ ಮನೆಗೆ ಹೇಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಜನಕ್ಕೆ ರಕ್ತಹೀನತೆ ಇದೆ, ಅಪರೂಪದ ವಿಷಯ ಅಲ್ಲ. ಓಡಿದ ಐದು ಹತ್ತು ನಿಮಿಷದ ಮೇಲೆ ಕೆಮ್ಮು, ಎದೇಲಿ ಸುಯ್ ಸುಯ್ ಸದ್ದು ಬಂದ್ರೆ ಆಸ್ತಮಾ ಇರಬಹುದು, ಅದನ್ನೂ ಡಾಕ್ಟರೇ ಹೇಳ್ಬೇಕು. ತಲೆ ಸುತ್ತು, ಎದೆ ನೋವು ಅಂದ ತಕ್ಷಣ ಟೆಸ್ಟ್ ನಿಲ್ಲಿಸ್ತೀವಿ, ಆ ಮಗುವಿನ ರಿಪೋರ್ಟಲ್ಲಿ ಸೊನ್ನೆ ಬರಲ್ಲ, "ಪೂರ್ತಿ ಮಾಡಿಲ್ಲ" ಅಂತ ಬರತ್ತೆ, ಇದನ್ನೂ ಲೆಟರ್‌ಗೆ ಸೇರಿಸಿ.

ಇನ್ನು ಆಪ್ ವಿಷಯ ಮುಚ್ಚಿಡಬೇಡಿ. ಖೇಲೋ ಇಂಡಿಯಾ ಮೊಬೈಲ್ ಆಪ್ 2019ರ ಫೆಬ್ರವರೀಲಿ ಶುರುವಾಗಿದ್ದು, ಮಕ್ಕಳ ಫಿಟ್‌ನೆಸ್ ದಾಖಲೆ ಜೊತೆಗೆ ಪ್ರತಿಭೆ ಹುಡುಕೋ ಉದ್ದೇಶಾನೂ ಅದಕ್ಕಿದೆ. ಹೆಸರು, ಹುಟ್ಟಿದ ದಿನ, ಎತ್ತರ, ತೂಕ, ಟೆಸ್ಟ್ ನಂಬರ್, ಏನೇನು ಎಂಟ್ರಿ ಮಾಡ್ತೀರಿ ಅನ್ನೋದನ್ನ ಎಂಟ್ರಿ ಸ್ಕ್ರೀನ್ ಮುಂದಿಟ್ಕೊಂಡೇ ಪಟ್ಟಿ ಮಾಡಿ, ಯಾರ ಲಾಗಿನ್‌ನಲ್ಲಿ ಹೋಗತ್ತೆ ಅಂತ ಹೇಳಿ, ಸಹಿ ತಗೊಳಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 18 ವರ್ಷದ ಒಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳತ್ತೆ, ಸಹಿ ತಗೊಂಡಿದ್ರೆ ನಿಮ್ಮ ಪ್ರಿನ್ಸಿಪಾಲ್‌ಗೂ ನೆಮ್ಮದಿ. ಮೇಲೆ ಟೀಮ್ ಸೆಲೆಕ್ಷನ್‌ಗೆ ಬಳಸಲ್ಲ ಅಂತ ಬರೆದಿದ್ದು ನಿಮ್ಮ ಸ್ಕೂಲಿನ ಮಾತು, ಆಪ್ ಪರವಾಗಿ ನೀವು ಮಾತು ಕೊಡೋಕೆ ಹೋಗಬೇಡಿ.

ಆಮೇಲೆ ಟೆಸ್ಟ್ ರಿಸಲ್ಟ್ ನೋಡಿ ಮಗುಗೆ ಕೊಡೋ ಆ ಏಳು ಲೆವೆಲ್ಲು. ಕೆಳಗಿಂದ "ವರ್ಕ್ ಹಾರ್ಡರ್", "ಮಸ್ಟ್ ಇಂಪ್ರೂವ್" ಅಂತ ಶುರುವಾಗಿ ಮೇಲೆ "ಅಥ್ಲೆಟಿಕ್", "ಸ್ಪೋರ್ಟ್ಸ್ ಫಿಟ್" ತನಕ ಇದೆ. ನಾಲ್ಕನೇ ಕ್ಲಾಸಿನ ಮಗು ಕೈಗೆ "ವರ್ಕ್ ಹಾರ್ಡರ್" ಅನ್ನೋ ಚೀಟಿ ಕೊಟ್ರೆ ಮನೇಲಿ ಅದು ಹೇಗೆ ಕೇಳ್ಸತ್ತೆ ಅಂತ ಯೋಚ್ನೆ ಮಾಡಿ, ಮಾರ್ಕ್ಸ್ ಕಾರ್ಡ್ ಹಾಗೇ ಕೇಳ್ಸತ್ತೆ. ನನಗೆ ಆ ಪದಗಳು ಒಗ್ಗಲ್ಲ. ದಾಖಲೆಗೆ ಲೆವೆಲ್ ಇರಲಿ, ಮನೆಗೆ ಹೋಗೋ ಶೀಟಲ್ಲಿ ಮೂರೇ ಇರಲಿ: ಈ ಸಲದ ಅಳತೆ, ಹಿಂದಿನ ಸಲದ ಅಳತೆ, ಮುಂದಿನ ಆರು ತಿಂಗಳಿಗೆ ಒಂದೇ ಒಂದು ಕೆಲಸ. "ದಿನಾ ಸಂಜೆ ಹತ್ತು ನಿಮಿಷ ಸ್ಕಿಪ್ಪಿಂಗ್" ಅನ್ನೋ ಥರ, ಹಿತ್ತಲಲ್ಲೋ ಟೆರೇಸ್ ಮೇಲೋ ಆಗೋ ಅಂಥದ್ದು. ಮೂರು ಕೆಲಸ ಬರೆದ್ರೆ ಒಂದೂ ನಡೆಯಲ್ಲ.

ಶೀಟನ್ನ ಮಗು ಬ್ಯಾಗಲ್ಲಿ ಹಾಗೇ ಕಳಿಸಬೇಡಿ, ಬಸ್ಸಲ್ಲಿ ಎಲ್ಲರೂ ಎಲ್ಲರದ್ದೂ ನೋಡ್ತಾರೆ. ಕವರಲ್ಲಿ ಹಾಕಿ ಪೇರೆಂಟ್ಸ್ ಮೀಟಿಂಗಲ್ಲಿ ಕೈಗೆ ಕೊಡಿ, ಅವತ್ತು ನೀವೂ ಒಂದು ಮೇಜು ಹಾಕ್ಕೊಂಡು ಕೂತ್ಕೊಳಿ, ಮ್ಯಾಥ್ಸ್ ಟೀಚರ್ ಮುಂದೆ ಇರೋ ಕ್ಯೂ ನಿಮ್ಮ ಮುಂದೆ ಇರಲ್ಲ, ಬೇಜಾರ್ ಮಾಡ್ಕೋಬೇಡಿ, ಬರೋರು ನಿಜವಾಗ್ಲೂ ಕೇಳೋಕೆ ಬಂದಿರ್ತಾರೆ. ಲೆಟರ್‌ನ ಒಂದು ಪ್ರತಿ ಕನ್ನಡ, ಇನ್ನೊಂದು ಪ್ರತಿ ಇಂಗ್ಲಿಷ್ ಮಾಡ್ಸಿ, ಎಷ್ಟೋ ಮನೇಲಿ ಸ್ಕೂಲ್ ಪೇಪರ್ ಓದೋದು ಅಜ್ಜ ಅಜ್ಜೀನೇ. ಕೆಳಗಡೆ ನಿಮ್ಮ ಸಹಿ ಜೊತೆ ಪ್ರಿನ್ಸಿಪಾಲ್ ಸಹಿ ಇರಲಿ, ಟೆಸ್ಟಿಗೆ ಎರಡು ವಾರ ಮುಂಚೆ ಮನೆ ಸೇರಲಿ, ಹರಿದು ವಾಪಸ್ ಕೊಡೋ ಆರೋಗ್ಯದ ಫಾರ್ಮ್ ಯಾರದ್ದು ಬಂದಿಲ್ವೋ ಅವರಿಗೆ ಕ್ಲಾಸ್ ಟೀಚರ್ ಕೈಲಿ ಒಂದು ಫೋನ್ ಮಾಡ್ಸಿ. ಫಾರ್ಮ್ ಬರದ ಮಗುಗೆ ಎತ್ತರ ತೂಕ, ಸಿಟ್ ಅಂಡ್ ರೀಚ್ ಮಾಡ್ಬಹುದು, 600 ಮೀಟರ್ ಮಾತ್ರ ಓಡಿಸಬೇಡಿ.